ರ‍್ಯಾಂಡಮ್ ಫಾರೆಸ್ಟ್ ವಿಧಾನದ ಡಿಜಿಟಲ್ ಮಣ್ಣಿನ ನಕ್ಷೆ

ಕೆಲವು ಸ್ಥಳಗಳಲ್ಲಿ ಗುಂಡಿ ತೋಡಿ ಅಳೆದ ಮಣ್ಣಿನ ಗುಣಗಳನ್ನು ಆಧರಿಸಿ, ಅಳೆಯದ ಸ್ಥಳಗಳ ಮಣ್ಣನ್ನು ಗಣಕದ ಮೂಲಕ ಅಂದಾಜಿಸುವ ವಿಧಾನವನ್ನು ಡಿಜಿಟಲ್ ಮಣ್ಣಿನ ನಕ್ಷೆ ತಯಾರಿಕೆ ಎನ್ನುತ್ತಾರೆ. ಗುಂಡಿಗಳು ವಿರಳ, ಆದರೆ ಭೂಮಿಯ ಎತ್ತರ, ಇಳಿಜಾರು, ನೀರು ನಿಲ್ಲುವ ತಗ್ಗು, ಉಪಗ್ರಹ ಚಿತ್ರದಲ್ಲಿ ಕಾಣುವ ಸಸ್ಯಗಳ ಹಸಿರು ಇವು ಎಲ್ಲೆಡೆಯೂ ದೊರೆಯುತ್ತವೆ. ಇವುಗಳನ್ನು ಸಹಚರ ಅಂಶಗಳೆಂದು ಕರೆಯಲಾಗುತ್ತದೆ. ದಿಬ್ಬದ ಮೇಲೆ ತೆಳುವಾದ ಮಣ್ಣು, ತಗ್ಗಿನಲ್ಲಿ ಆಳವಾದ ಮಣ್ಣು ಇರುವುದನ್ನು ರೈತರು ಬಹುಕಾಲದಿಂದ ಬಲ್ಲರು. ಈ ವಿಧಾನವು ಅಂತಹ ಸಂಬಂಧಗಳನ್ನೇ ಅಂಕಿಗಳಲ್ಲಿ ಹುಡುಕುತ್ತದೆ.

== ಅಂದಾಜಿನ ಕ್ರಮ ==

ಲಿಯೋ ಬ್ರೈಮನ್ 2001ರಲ್ಲಿ ಪ್ರಕಟಿಸಿದ ರ‍್ಯಾಂಡಮ್ ಫಾರೆಸ್ಟ್ ನೂರಾರು ನಿರ್ಣಯ ವೃಕ್ಷಗಳ ಸಮೂಹ. ದತ್ತಾಂಶದಿಂದ ಚೀಟಿ ಎತ್ತಿದಂತೆ ಆಯ್ದ ಮಾದರಿಯೊಂದರ ಮೇಲೆ ಪ್ರತಿಯೊಂದು ವೃಕ್ಷವೂ ಬೆಳೆಯುತ್ತದೆ. ಎಲ್ಲ ವೃಕ್ಷಗಳ ಉತ್ತರಗಳ ಸರಾಸರಿಯೇ ಅಂತಿಮ ಅಂದಾಜು. ಸರಾಸರಿಯಾದುದರಿಂದಲೇ ಇದಕ್ಕೊಂದು ಮಿತಿಯಿದೆ: ತರಬೇತಿಯ ಮಾದರಿಗಳಲ್ಲಿ ಸಾವಯವ ಇಂಗಾಲದ ಗರಿಷ್ಠ ಪ್ರಮಾಣ ಶೇ. 3 ಆಗಿದ್ದರೆ, ನಕ್ಷೆಯಲ್ಲಿ ಅದಕ್ಕಿಂತ ಹೆಚ್ಚಿನ ಬೆಲೆ ಎಲ್ಲಿಯೂ ಬಾರದು.

== ಅಡ್ಡ ಪರಿಶೀಲನೆ ಮತ್ತು ಅದರ ಮೋಸ ==

ನಕ್ಷೆಯ ನಿಖರತೆಯನ್ನು ಸಾಮಾನ್ಯವಾಗಿ ಕ್ರಾಸ್ ವ್ಯಾಲಿಡೇಶನ್ ಎಂಬ ಅಡ್ಡ ಪರಿಶೀಲನೆಯಿಂದ ಅಳೆಯುತ್ತಾರೆ. 500 ಗುಂಡಿಗಳಿದ್ದರೆ ಅವನ್ನು ಹತ್ತು ಗುಂಪು ಮಾಡಿ, ಪ್ರತಿ ಬಾರಿ 50ನ್ನು ಬದಿಗಿಟ್ಟು ಉಳಿದ 450ರಿಂದ ಕಲಿತು, ಬದಿಗಿಟ್ಟವುಗಳ ಅಂದಾಜನ್ನು ನಿಜವಾದ ಅಳತೆಯೊಡನೆ ಹೋಲಿಸಲಾಗುತ್ತದೆ.

ತೊಡಕಿರುವುದು ಗುಂಡಿಗಳ ಹಂಚಿಕೆಯಲ್ಲಿ. ಒಂದು ಕಾಲ್ಪನಿಕ ಪ್ರದೇಶದಲ್ಲಿ ಅರ್ಧ ಬಯಲು, ಅರ್ಧ ಬೆಟ್ಟ ಇದೆಯೆಂದೂ ದಾರಿ ಸುಗಮವಾದ ಬಯಲಿನಲ್ಲಿ 400, ಬೆಟ್ಟದಲ್ಲಿ ಕೇವಲ 100 ಗುಂಡಿಗಳಿವೆಯೆಂದೂ ಇಟ್ಟುಕೊಳ್ಳೋಣ. ರಸಸಾರ, ಅಂದರೆ pH, ಅಂದಾಜಿನಲ್ಲಿ ವರ್ಗಮೂಲ ಸರಾಸರಿ ದೋಷವು ಬಯಲಿನಲ್ಲಿ 0.3, ಬೆಟ್ಟದಲ್ಲಿ 0.9. ಎಲ್ಲ ಗುಂಡಿಗಳನ್ನೂ ಒಟ್ಟುಗೂಡಿಸಿದರೆ ದೋಷ ಸುಮಾರು 0.48 ಎಂದು ಬರುತ್ತದೆ. ವಿಸ್ತೀರ್ಣಕ್ಕೆ ತಕ್ಕ ತೂಕ ಕೊಟ್ಟರೆ ಅದೇ ದೋಷ 0.67. ಮೊದಲ ಅಂಕಿ ಗುಂಡಿಗಳ ಬಗ್ಗೆ ಸತ್ಯ, ನಕ್ಷೆಯ ಬಗ್ಗೆ ಅಲ್ಲ. ಇದಲ್ಲದೆ, ಬದಿಗಿಟ್ಟ ಗುಂಡಿಯ ಪಕ್ಕದ ಹೊಲದ ಗುಂಡಿಯೇ ತರಬೇತಿಯಲ್ಲಿದ್ದರೆ ಪರೀಕ್ಷೆ ಸುಲಭವಾಗಿಬಿಡುತ್ತದೆ. ಒಂದೇ ಗುಂಡಿಯ ಮೇಲ್ಪದರ ತರಬೇತಿಗೂ ಕೆಳಪದರ ಪರೀಕ್ಷೆಗೂ ಸೇರಿದರಂತೂ ಉತ್ತರ ಮೊದಲೇ ಸೋರಿದಂತೆ.

ಇದಕ್ಕೆ ಪರಿಹಾರವಾಗಿ ಭೂಭಾಗಗಳನ್ನೇ ಇಡಿಯಾಗಿ ಬದಿಗಿಡುವುದುಂಟು. ಆದರೆ ಹಾಗೆ ಮಾಡಿದರೆ, ಸುತ್ತಮುತ್ತ ಗುಂಡಿಗಳಿರುವ ಕಡೆಯ ದೋಷವೂ ಅತಿಯಾಗಿ ಕಾಣಬಹುದೆಂದು ವಾಡು ಮತ್ತು ಸಂಗಡಿಗರು 2021ರಲ್ಲಿ ಆಕ್ಷೇಪಿಸಿದರು. ಯಾದೃಚ್ಛಿಕವಾಗಿ ಆಯ್ದ ಹೊಸ ಸ್ಥಳಗಳಲ್ಲಿ ಮತ್ತೆ ಗುಂಡಿ ತೋಡಿ ನೋಡುವುದೇ ಹೆಚ್ಚು ನಂಬಲರ್ಹ, ಅದರ ಖರ್ಚೂ ಅಷ್ಟೇ ಹೆಚ್ಚು.

== ಸಾಯಿಲ್‌ಗ್ರಿಡ್ಸ್ ==

ನೆದರ್ಲೆಂಡ್ಸಿನ ಐಎಸ್‌ಆರ್‌ಐಸಿ ಸಂಸ್ಥೆಯ ಜಾಗತಿಕ ನಕ್ಷೆಯಾದ ಸಾಯಿಲ್‌ಗ್ರಿಡ್ಸ್‌ನ 2017ರ ಆವೃತ್ತಿಯಲ್ಲಿ ಸುಮಾರು 1,50,000 ಗುಂಡಿಗಳನ್ನೂ 158 ಸಹಚರ ಅಂಶಗಳನ್ನೂ ಬಳಸಲಾಯಿತು. ರ‍್ಯಾಂಡಮ್ ಫಾರೆಸ್ಟ್ ಜೊತೆಗೆ ಇತರ ವಿಧಾನಗಳೂ ಇದರಲ್ಲಿದ್ದವು. ಹತ್ತು ಗುಂಪಿನ ಅಡ್ಡ ಪರಿಶೀಲನೆಯಂತೆ ರಸಸಾರದ ವ್ಯತ್ಯಾಸದಲ್ಲಿ ಶೇ. 83ರಷ್ಟನ್ನು, ಮಣ್ಣಿನಲ್ಲಿರುವ ಕಲ್ಲುಚೂರುಗಳ ವ್ಯತ್ಯಾಸದಲ್ಲಿ ಶೇ. 56ರಷ್ಟನ್ನು ಮಾತ್ರ ಈ ಮಾದರಿಗಳು ವಿವರಿಸಿದವು. 2021ರ ಆವೃತ್ತಿಯಲ್ಲಿ ಗುಂಡಿಗಳ ಭೌಗೋಳಿಕ ಹಂಚಿಕೆಯನ್ನು ಗಮನಿಸಿ ಗುಂಪುಗಳನ್ನು ರಚಿಸಲಾಯಿತು. ಪ್ರತಿಯೊಂದು ಸ್ಥಳದ ಅಂದಾಜಿನೊಂದಿಗೆ ಅದರ ಅನಿಶ್ಚಿತತೆಯನ್ನೂ ನೀಡಲಾಯಿತು.