ಬಂಗಾರದ ಬೆಲೆ ಬಿದ್ದರೆ ಅಡವಿನ ಸಾಲ ಏನಾಗುತ್ತದೆ?

ಸೇಡಂ, ಚಿತ್ತಾಪುರ, ಚಿಂಚೋಳಿಯಲ್ಲಿ ತೊಗರಿ ರಾಶಿಯಾಗುವುದು ಡಿಸೆಂಬರ್–ಜನವರಿಗೆ. ಅದಕ್ಕೂ ಮೊದಲೇ ಮನೆ ಖರ್ಚು ಬಂದರೆ? ಅನೇಕರು ಬಂಗಾರ ಅಡ ಇಡುತ್ತಾರೆ.

ಸರ 20 ಗ್ರಾಂ ಇದೆ ಅನ್ನಿ. ಹರಳಿನ 2 ಗ್ರಾಂ ಕಳೆದರೆ ಉಳಿಯುವುದು 18 ಗ್ರಾಂ. ಮಜೂರಿಗೆ ಬೆಲೆಯಿಲ್ಲ. ಆ ಕ್ಯಾರೆಟ್‌ನ 30 ದಿನದ ಸರಾಸರಿ ದರ, ನಿನ್ನೆಯ ದರ, ಇವೆರಡರಲ್ಲಿ ಕಡಿಮೆಯದನ್ನೇ ಹಿಡಿಯಬೇಕು. ಲೆಕ್ಕಕ್ಕೆ ಗ್ರಾಂಗೆ 10,000 ಅನ್ನೋಣ. ಮೌಲ್ಯ 1,80,000.

ಈ ಮೌಲ್ಯಕ್ಕೆ ನೂರಕ್ಕೆ ಎಷ್ಟು ಸಾಲ ಎಂಬುದೇ ಎಲ್‌ಟಿವಿ. ರಿಸರ್ವ್ ಬ್ಯಾಂಕಿನ 2025ರ ನಿಯಮದಂತೆ, ಮನೆ ಖರ್ಚಿನ ಸಾಲ ಎರಡೂವರೆ ಲಕ್ಷದೊಳಗಿದ್ದರೆ ಮಿತಿ 85. ಅಂದರೆ ಹೆಚ್ಚೆಂದರೆ 1,53,000. ಬಡ್ಡಿ, ಅಸಲು ಕೊನೆಗೆ ಒಟ್ಟಿಗೆ ಕಟ್ಟುವುದಾದರೆ ಬಡ್ಡಿಯೂ ಈ ಮಿತಿಯೊಳಗೇ ಬರಬೇಕು.

ಈಗ ದರ ನೂರಕ್ಕೆ 20 ಕುಸಿಯಿತು. ಸರದ ಬೆಲೆ 1,44,000. ಸಾಲವೇ ಅದಕ್ಕಿಂತ ಜಾಸ್ತಿ! ಮಿತಿ ಅವಧಿಯುದ್ದಕ್ಕೂ ಉಳಿಯಬೇಕು. ಹಾಗಾಗಿ 30,600 ಕಟ್ಟಿ, ಇಲ್ಲವೇ ಇನ್ನಷ್ಟು ಬಂಗಾರ ಇಡಿ ಎಂಬ ಕರೆ ಬರಬಹುದು.

ಕಟ್ಟದಿದ್ದರೆ ನೋಟಿಸ್, ಆಮೇಲೆ ಹರಾಜು. ಹೆಚ್ಚು ಬಂದ ಹಣ ನಿಮ್ಮದು. ಕೊರತೆ ಬಿದ್ದರೆ ಆ ಬಾಕಿಯೂ ನಿಮ್ಮದೇ. ವಾಡಿ, ಶಹಾಬಾದ್‌ನ ಸಂಬಳದವರೂ ಕೇಳಿ: ಮಿತಿಯಷ್ಟೂ ಎತ್ತದೆ 1,20,000 ಮಾತ್ರ ಪಡೆದು ಬಡ್ಡಿ ತಿಂಗಳಾ ಕಟ್ಟಿದ್ದರೆ, ಇದೇ ಕುಸಿತದಲ್ಲೂ ಸಾಲ ಮಿತಿಯೊಳಗೇ ಇರುತ್ತಿತ್ತು.