ಅರ್ಧ ಪರದೆ ಅಕ್ಕನಿಗೆ, ಅರ್ಧ ತಮ್ಮನಿಗೆ

12 ವರ್ಷದ ಅಕ್ಕ, 6 ವರ್ಷದ ತಮ್ಮ, ಮನೆಗೆಲ್ಲ ಒಂದೇ ಟಿವಿ, ಎರಡು ಕಂಟ್ರೋಲರ್. ಪರದೆಯನ್ನು ಎರಡು ಭಾಗ ಮಾಡಿ ಇಬ್ಬರನ್ನೂ ಒಟ್ಟಿಗೆ ಆಡಿಸುವ ಆಟ ಹುಡುಕುವ ಅಪ್ಪ ಅಮ್ಮಂದಿರು ಮೊದಲು ಚಿತ್ರ ಚೆನ್ನಾಗಿದೆಯೇ ಎಂದು ನೋಡುತ್ತಾರೆ. ಅದಕ್ಕಿಂತ ಮುಖ್ಯವಾಗಿ ನೋಡಬೇಕಾದದ್ದು, ಇಬ್ಬರ ನಡುವಿನ ಆ ಆರು ವರ್ಷದ ಅಂತರವನ್ನು ಆಟ ಹೇಗೆ ನಿಭಾಯಿಸುತ್ತದೆ ಎಂಬುದನ್ನು. ಇದನ್ನು ನಾನು ಕಂಡಂತೆ ಅತ್ಯಂತ ಚೆನ್ನಾಗಿ ಮಾಡಿರುವುದು ನಿಂಟೆಂಡೋದ ಮಾರಿಯೋ ಕಾರ್ಟ್.

ಈ ಆಟ ಹುಟ್ಟಿದ್ದೇ ಇಬ್ಬರಿಗಾಗಿ. 1990ರ ಎಫ್-ಝೀರೋ ಎಂಬ ರೇಸಿನ ಆಟವನ್ನು ಒಬ್ಬರೇ ಆಡಬೇಕಿತ್ತು. ಅದನ್ನು ಇಬ್ಬರು ಆಡುವಂತೆ ಮಾಡಲು ಹೊರಟ ತಂಡಕ್ಕೆ ಒಂದು ತೊಡಕು ಎದುರಾಯಿತು. ಪರದೆ ಎರಡಾದರೆ ಯಂತ್ರ ಎರಡೆರಡು ನೋಟಗಳನ್ನು ಬಿಡಿಸಬೇಕು. ಅಷ್ಟು ವೇಗದ, ಉದ್ದುದ್ದ ನೇರ ರಸ್ತೆಗಳು ಆಗಿನ ಯಂತ್ರದ ಶಕ್ತಿಗೆ ಮೀರಿದ್ದವು. ಹಾಗಾಗಿ ರಸ್ತೆ ಚಿಕ್ಕದಾಯಿತು, ತಿರುವುಗಳು ಹೆಚ್ಚಾದವು, ಗಾಡಿ ಗೋ-ಕಾರ್ಟ್ ಆಯಿತು. 1992ರಲ್ಲಿ ಬಂದ ಸೂಪರ್ ಮಾರಿಯೋ ಕಾರ್ಟ್‌ನಲ್ಲಿ ಒಬ್ಬರೇ ಆಡಿದರೂ ಪರದೆ ಎರಡು ಭಾಗವಾಗಿಯೇ ಇರುತ್ತಿತ್ತು.

ಎರಡು ನೋಟ ಬಿಡಿಸುವ ಭಾರ ಇವತ್ತಿಗೂ ತಪ್ಪಿಲ್ಲ. 2017ರ ಮಾರಿಯೋ ಕಾರ್ಟ್ 8 ಡೀಲಕ್ಸ್ ಇಬ್ಬರು ಆಡುವಾಗ ಸೆಕೆಂಡಿಗೆ 60 ಚಿತ್ರ ತೋರಿಸುತ್ತದೆ. ಮೂರನೆಯವರು ಸೇರಿದ ಕೂಡಲೇ ಅದು 30ಕ್ಕೆ ಇಳಿಯುತ್ತದೆ, ಓಟದ ನುಣುಪು ಹೋದದ್ದು ಬರಿಗಣ್ಣಿಗೇ ಗೊತ್ತಾಗುತ್ತದೆ. ಈ ಭಾರವನ್ನು ಹೊರಲಾರದೆ ಸೌಲಭ್ಯವನ್ನೇ ಕೈಬಿಟ್ಟ ದೊಡ್ಡ ಆಟಗಳಿವೆ. ಒಂದೇ ಸೋಫಾದಲ್ಲಿ ಕೂತು ಆಡುವುದಕ್ಕೇ ಹೆಸರಾಗಿದ್ದ ಹೇಲೋ ಸರಣಿಯೇ 2015ರ ಐದನೇ ಆಟದಲ್ಲಿ ಪರದೆ ಹಂಚುವುದನ್ನು ತೆಗೆದುಹಾಕಿತು.

ಈಗ ಅಕ್ಕ ತಮ್ಮನ ವಿಷಯಕ್ಕೆ ಬರೋಣ. 8 ಡೀಲಕ್ಸ್‌ನಲ್ಲಿ ಇಬ್ಬರಿದ್ದಾಗ ಪರದೆ ಎಡ ಬಲವಾಗಿ ಸೀಳುತ್ತದೆ. ಚಿಕ್ಕ ಮಕ್ಕಳು ಶುರುವಿಗೆ ಪಕ್ಕದ ಅರ್ಧವನ್ನೇ ನೋಡುತ್ತಾ ತಮ್ಮ ಗಾಡಿಯನ್ನು ಗೋಡೆಗೆ ಗುದ್ದುತ್ತಾರೆ. ತಮ್ಮ ಎಡಗಡೆಯ ಆಟಗಾರನಾದರೆ ಎಡಗಡೆಯೇ ಕೂತುಕೊಳ್ಳಲಿ, ಅಕ್ಕನದಕ್ಕಿಂತ ಪೂರ್ತಿ ಬೇರೆ ಬಣ್ಣದ ಪಾತ್ರವನ್ನು ಆರಿಸಿಕೊಳ್ಳಲಿ. ಗೊಂದಲ ಬೇಗ ಕಳೆಯುತ್ತದೆ.

ಆಮೇಲೆ ಸ್ಮಾರ್ಟ್ ಸ್ಟೀರಿಂಗ್. ಇದು ಚಾಲೂ ಇದ್ದರೆ ಗಾಡಿ ರಸ್ತೆ ಬಿಟ್ಟು ಇಳಿಯುವ ಮೊದಲೇ ಆಟ ಅದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಗಾಡಿಯ ಹಿಂದೆ ಪುಟ್ಟ ಆಂಟೆನಾ ಕಂಡರೆ ಅದು ಚಾಲೂ ಇದೆಯೆಂದು ಅರ್ಥ. ಇನ್ನೊಂದು ಆಯ್ಕೆಯಲ್ಲಿ ಗುಂಡಿ ಒತ್ತದೆಯೇ ಗಾಡಿ ಮುಂದೆ ಓಡುತ್ತದೆ, ತಮ್ಮ ಬರೀ ತಿರುಗಿಸಿದರೆ ಸಾಕು. ಇವೆರಡನ್ನೂ ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಹಾಕಬಹುದು, ತೆಗೆಯಬಹುದು. ನನಗೆ ಈ ಆಟದ ಮೇಲೆ ಇಷ್ಟು ಗೌರವ ಬರಲು ಇದೇ ಕಾರಣ. ಆಟವನ್ನು ಎಲ್ಲರಿಗೂ ಸುಲಭ ಮಾಡಿ ಅಕ್ಕನಿಗೆ ಬೇಸರ ತರುವುದಿಲ್ಲ, ನೆರವು ಬೇಕಾದ ಅರ್ಧಕ್ಕೆ ಮಾತ್ರ ನೆರವು ಕೊಡುತ್ತದೆ.

ಅಕ್ಕ ಮಾತ್ರ ತನ್ನ ಆಂಟೆನಾ ಇಳಿಸಿಕೊಳ್ಳಬೇಕು. ಸ್ಮಾರ್ಟ್ ಸ್ಟೀರಿಂಗ್ ಇದ್ದರೆ ಕೆಲವು ಒಳದಾರಿಗಳಿಗೆ ನುಗ್ಗಲು ಆಟ ಬಿಡುವುದಿಲ್ಲ, ತಿರುವಿನಲ್ಲಿ ಜಾರುತ್ತಾ ಗಳಿಸುವ ನೇರಳೆ ಕಿಡಿಯ ಅತಿ ದೊಡ್ಡ ವೇಗವೂ ಸಿಗುವುದಿಲ್ಲ. ಪಳಗಿದ ಮಕ್ಕಳು “ಕಂಟ್ರೋಲರ್ ಕೆಟ್ಟಿದೆ” ಎಂದು ದೂರಿದರೆ ಮೊದಲು ಆಂಟೆನಾ ನೋಡಿ.

ಇಷ್ಟಾದರೂ ಅಕ್ಕ ಗೆಲ್ಲುತ್ತಲೇ ಇರುತ್ತಾಳೆ, ತಮ್ಮ ಅಳುತ್ತಲೇ ಇರುತ್ತಾನೆ. ಆಗ ವಿಎಸ್ ರೇಸ್‌ನಲ್ಲಿ ತಂಡದ ಆಟ ಆರಿಸಿ ಇಬ್ಬರನ್ನೂ ಒಂದೇ ಬಣ್ಣದ ತಂಡಕ್ಕೆ ಹಾಕಬೇಕು. ಓಡುವ ಗಾಡಿಗಳು 12. ಮೊದಲು ಬಂದವರಿಗೆ 15 ಅಂಕ, ಎರಡನೆಯವರಿಗೆ 12, ಮೂರನೆಯವರಿಗೆ 10, ಅಲ್ಲಿಂದ ಕೆಳಕ್ಕೆ ಒಂದೊಂದೇ ಕಡಿಮೆ. ಅಕ್ಕ ಮೊದಲು ಬಂದು ತಮ್ಮ ಒಂಬತ್ತನೆಯವನಾದರೆ ಇಬ್ಬರೂ ಸೇರಿ ತಂಡಕ್ಕೆ ತರುವುದು 19. ಅವನು ಆರನೆಯ ಸ್ಥಾನಕ್ಕೆ ಏರಿದರೆ ಅದೇ 22. ಅಕ್ಕ ಇನ್ನು ಮೇಲೇರಲು ಜಾಗವಿಲ್ಲ, ಅಂಕ ಹೆಚ್ಚುವುದು ತಮ್ಮನಿಂದಲೇ. ಅವಳು ಅವನ ಅರ್ಧದತ್ತ ಕಣ್ಣು ಹಾಯಿಸಿ “ಪುಟ್ಟಾ, ಬಾಳೆಹಣ್ಣಿನ ಸಿಪ್ಪೆ ಇದೆ, ಬಲಕ್ಕೆ ಬಾ” ಎಂದು ಕೂಗಲು ಶುರುಮಾಡುವುದು ಆಗಲೇ.

ಪೂರ್ತಿ ಕೂಡಿ ಆಡುವ ಆಟಗಳೂ ಇವೆ. ಸ್ವೀಡನ್ನಿನ ಹೇಜ್‌ಲೈಟ್ 2021ರಲ್ಲಿ ತಂದ ಇಟ್ ಟೇಕ್ಸ್ ಟೂ ಅಂಥದ್ದು, ಒಬ್ಬರೇ ಆಡಲು ಬರುವುದೇ ಇಲ್ಲ. ಒಬ್ಬರ ಕೈಗೆ ಮೊಳೆ, ಇನ್ನೊಬ್ಬರ ಕೈಗೆ ಸುತ್ತಿಗೆ. ಆದರೆ ಅಲ್ಲಿ ನೆಗೆತ ತಪ್ಪಿದ ತಮ್ಮನಿಗಾಗಿ ಅಕ್ಕ ಕಾಯಬೇಕು, ಕಥೆಯೂ ಬೇರೆಯಾಗಲು ಹೊರಟ ಅಪ್ಪ ಅಮ್ಮನದು. ತಮ್ಮ ಇನ್ನೂ ನಾಲ್ಕೈದು ವರ್ಷ ಬೆಳೆಯಲಿ.

ಯಾವ ಆಟವನ್ನೇ ಕೊಳ್ಳಿ, ವಿವರದಲ್ಲಿ “ಮಲ್ಟಿಪ್ಲೇಯರ್” ಎಂದಿದ್ದರೆ ಸಾಲದು. ಅದು ಇಂಟರ್ನೆಟ್‌ನಲ್ಲಿ, ಇಬ್ಬರಿಗೆ ಎರಡು ಯಂತ್ರ ಬೇಡುವ ಆಟವಾಗಿರಬಹುದು. ಒಂದೇ ಯಂತ್ರದಲ್ಲಿ ಎಷ್ಟು ಜನ ಆಡಬಹುದು ಎಂಬುದನ್ನು ಬೇರೆಯಾಗಿ ಬರೆದಿರುತ್ತಾರೆ, ಅಲ್ಲಿ 2 ಎಂದಿರಬೇಕು. ಸ್ವಿಚ್ ಯಂತ್ರಕ್ಕೆ ಎರಡನೇ ಕಂಟ್ರೋಲರ್ ಕೂಡಲೇ ಕೊಳ್ಳಬೇಕೆಂದಿಲ್ಲ. ಜೊತೆಗೇ ಬರುವ ಜಾಯ್‌-ಕಾನ್ ಜೋಡಿಯನ್ನು ಬಿಡಿಸಿ ಇಬ್ಬರೂ ಒಂದೊಂದನ್ನು ಅಡ್ಡಲಾಗಿ ಹಿಡಿದರೆ ಆಯಿತು. ಹಾಗೆ ಹಿಡಿದಾಗ ಮೇಲಂಚಿನ ಗುಂಡಿಗಳು ತೀರಾ ತೆಳುವಾಗಿರುತ್ತವೆ. ಅದರೊಂದಿಗೇ ಕೊಡುವ ಪಟ್ಟಿಯನ್ನು ಸಿಕ್ಕಿಸಿದರೆ ಆರು ವರ್ಷದ ಬೆರಳಿಗೂ ಅವು ಎಟುಕುತ್ತವೆ.