ವರ್ಷದ ದಿನಸಿ ಒಂದೇ ಸಲ ತಂದಿಟ್ಟರೆ ನಿಜಕ್ಕೂ ಹಣ ಉಳಿಯುತ್ತದೆಯೇ?

"ನಮ್ಮ ಅಜ್ಜಿಯರು ಸುಗ್ಗಿಯಲ್ಲಿ ವರ್ಷಕ್ಕಾಗುವಷ್ಟು ದಿನಸಿ ತುಂಬಿಡುತ್ತಿದ್ದರು. ನಾವೂ ಹಾಗೆ ಮಾಡಿದರೆ ಸಾವಿರಾರು ರೂಪಾಯಿ ಉಳಿಯುತ್ತದೆ." ಇಂಥ ಅರ್ಥದ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಇದು ಅರ್ಧ ನಿಜ. ಅಜ್ಜಿ ತುಂಬಿಡುತ್ತಿದ್ದದ್ದು ಹೌದು, ಆದರೆ ಏನನ್ನು ತುಂಬಿಡುತ್ತಿದ್ದರು ಎಂಬುದನ್ನು ಸಂದೇಶ ಹೇಳುವುದಿಲ್ಲ.

ಅಂದಿನ ಕಣಜದಲ್ಲಿ ಇರುತ್ತಿದ್ದದ್ದು ಹೊಟ್ಟು ತೆಗೆಯದ ಭತ್ತ, ಇಡೀ ರಾಗಿ, ಇಡೀ ಜೋಳ. ಹಳೇ ಮೈಸೂರಿನ ಕಡೆ ನೆಲದೊಳಗಿನ ಹಗೇವಿನಲ್ಲಿ ರಾಗಿಯನ್ನು ವರ್ಷಗಟ್ಟಲೆ ಇಡುತ್ತಿದ್ದರು. ಭತ್ತಕ್ಕೆ ಹೊಟ್ಟೇ ಕವಚ. ರಾಗಿಯ ಕಾಳು ಎಷ್ಟು ಸಣ್ಣದೆಂದರೆ ಹುಳು ಒಳಗೆ ಹೊಕ್ಕು ಬೆಳೆಯಲು ಜಾಗ ಸಾಲದು. ಹಿಟ್ಟು ಬೇಕಾದಾಗ ಬೇಕಾದಷ್ಟು ಮಾತ್ರ ಬೀಸಿಕೊಳ್ಳುತ್ತಿದ್ದರು. ನಾವು ಇಂದು ಅಂಗಡಿಯಿಂದ ತರುವುದು ಪಾಲಿಶ್ ಮಾಡಿದ ಅಕ್ಕಿ, ರವೆ, ಗೋಧಿ ಹಿಟ್ಟು, ಕಾರದ ಪುಡಿ. ಅಂದರೆ ಕವಚ ಕಳಚಿದ, ಒಡೆದ, ಪುಡಿಯಾದ ವಸ್ತುಗಳು. ಇವು ಬಾಳುವ ಅವಧಿಯೇ ಬೇರೆ.

ಹುಳು ಎಲ್ಲಿಂದ ಬರುತ್ತದೆ?

ಡಬ್ಬದ ಮುಚ್ಚಳ ಬಿಗಿಯಾಗಿದ್ದರೂ ಅಕ್ಕಿಯಲ್ಲಿ ಹುಳು ಕಂಡರೆ ಅದು ಹೊರಗಿನಿಂದ ಬಂದದ್ದೇ ಆಗಬೇಕಿಲ್ಲ. ಆನೆಯ ಸೊಂಡಿಲಿನಂಥ ಮೂತಿ ಇರುವ ಆ ಸಣ್ಣ ಕಂದು ಹುಳು ಅಕ್ಕಿ ಕಾಳಿಗೆ ತೂತು ಕೊರೆದು, ಒಳಗೆ ಮೊಟ್ಟೆ ಇಟ್ಟು, ತೂತನ್ನು ಅಂಟಿನಂಥ ದ್ರವದಿಂದ ಮುಚ್ಚಿಬಿಡುತ್ತದೆ. ಹೊರಗಿನಿಂದ ನೋಡಿದರೆ ಗೊತ್ತಾಗದು. ಗೋದಾಮಿನಲ್ಲೋ ಅಂಗಡಿಯಲ್ಲೋ ಇಟ್ಟ ಮೊಟ್ಟೆ ನಿಮ್ಮ ಮನೆಗೆ ಮೂಟೆಯ ಜೊತೆಗೇ ಬರುತ್ತದೆ. ನಮ್ಮ ಬೆಚ್ಚಗಿನ ಹವೆಯಲ್ಲಿ ಅದು ಹುಳುವಾಗಿ ಹೊರಬರಲು ತಿಂಗಳು, ತಿಂಗಳ ಮೇಲೆ ಕೆಲವು ದಿನ ಸಾಕು. ಹೊರಬಂದವು ಮತ್ತೆ ಮೊಟ್ಟೆ ಇಡುತ್ತವೆ. ಹಾಗಾಗಿ ಮೊದಲ ತಿಂಗಳು ಚೊಕ್ಕಟವಾಗಿದ್ದ ಅಕ್ಕಿಯಲ್ಲಿ ಎರಡನೇ ತಿಂಗಳು ಒಂದೊಂದು ಹುಳು ಕಾಣುತ್ತದೆ, ಮೂರನೇ ತಿಂಗಳು ಡಬ್ಬ ತೆರೆಯಲು ಬೇಸರವಾಗುತ್ತದೆ.

ಲವಂಗ, ಬೇವಿನ ಎಲೆ ಹಾಕಿದರೆ ಸಾಕು ಎನ್ನುವ ಸಂದೇಶವೂ ಇದೆ. ವಾಸನೆಗೆ ಹುಳುಗಳು ಸ್ವಲ್ಪ ದೂರ ಹೋಗಬಹುದೇನೋ, ಕಾಳಿನ ಒಳಗಿರುವ ಮೊಟ್ಟೆಗೆ ಅದರಿಂದ ಏನೂ ಆಗುವುದಿಲ್ಲ. ಹಸಿ ಬೇವಿನ ಎಲೆಯಾದರೆ ಡಬ್ಬದೊಳಗೆ ತೇವ ಸೇರಿಸಿದಂತೆ.

ರವೆಯ ಲೆಕ್ಕ

ಈಗ ಹಣಕ್ಕೆ ಬರೋಣ. ಬೆಲೆಗಳು ಊರಿಂದೂರಿಗೆ ಬೇರೆ, ಇಲ್ಲಿರುವುದು ಲೆಕ್ಕಕ್ಕಾಗಿ ಮಾತ್ರ. ಒಂದು ಕೆಜಿ ರವೆ 50 ರೂಪಾಯಿ. ಐದು ಕೆಜಿ ಪ್ಯಾಕ್ 225 ರೂಪಾಯಿ, ಅಂದರೆ ಕೆಜಿಗೆ 45. ಐದು ಕೆಜಿಗೆ 25 ರೂಪಾಯಿ ಉಳಿತಾಯ ಎಂದು ತಂದಿರಿ. ನಾಲ್ಕು ಕೆಜಿ ಖರ್ಚಾಗುವಷ್ಟರಲ್ಲಿ ಉಳಿದದ್ದಕ್ಕೆ ಹುಳು ಬಿತ್ತು, ಎಸೆದಿರಿ. ಈಗ ನೀವು ತಿಂದ ನಾಲ್ಕು ಕೆಜಿಗೆ 225 ರೂಪಾಯಿ ಕೊಟ್ಟಂತಾಯಿತು. ಕೆಜಿಗೆ 56 ರೂಪಾಯಿ! ಚಿಲ್ಲರೆಯಾಗಿ ತಂದಿದ್ದರೂ 50ಕ್ಕೇ ಸಿಗುತ್ತಿತ್ತು.

ಇದರಲ್ಲಿ ಒಂದು ಸುಲಭ ಅಳತೆ ಸಿಗುತ್ತದೆ. ದೊಡ್ಡ ಪ್ಯಾಕಿನ ಬೆಲೆಯನ್ನು ಸಣ್ಣ ಪ್ಯಾಕಿನ ಕೆಜಿ ದರದಿಂದ ಭಾಗಿಸಿ. 225 ಭಾಗಿಸು 50, ಅಂದರೆ ನಾಲ್ಕೂವರೆ ಕೆಜಿ. ಕೆಡುವ ಮೊದಲು ನಾಲ್ಕೂವರೆ ಕೆಜಿಗಿಂತ ಹೆಚ್ಚು ತಿಂದು ಮುಗಿಸಿದರೆ ಮಾತ್ರ ದೊಡ್ಡ ಪ್ಯಾಕ್ ಲಾಭ. ಶೇಕಡಾ 10ರಷ್ಟು ರಿಯಾಯಿತಿ ಎಂದರೆ ಶೇಕಡಾ 10ರಷ್ಟನ್ನು ಎಸೆದ ಕ್ಷಣಕ್ಕೆ ಆ ರಿಯಾಯಿತಿ ಮುಗಿಯಿತು.

ಹಾಗಾದರೆ ನಮ್ಮ ಮನೆಗೆ ತಿಂಗಳಿಗೆ ರವೆ ಎಷ್ಟು ಬೇಕು? ಬಹಳ ಮನೆಗಳಲ್ಲಿ ಲೆಕ್ಕ ತಪ್ಪುವುದು ಇಲ್ಲಿ. ಚೀಟಿಯಲ್ಲಿ "ರವೆ 2 ಕೆಜಿ" ಎಂದು ಅಭ್ಯಾಸದಿಂದ ಬರೆಯುತ್ತೇವೆ, ತಿಂಡಿಯಿಂದ ಲೆಕ್ಕ ಹಾಕುವುದಿಲ್ಲ.

ತಿಂಡಿಯಿಂದ ಚೀಟಿಗೆ

ನಾಲ್ಕು ಜನರ ಮನೆಯನ್ನೇ ತೆಗೆದುಕೊಳ್ಳೋಣ. ಉಪ್ಪಿಟ್ಟಿಗೆ ಒಂದು ಸಲಕ್ಕೆ ಸುಮಾರು 250 ಗ್ರಾಂ ರವೆ. ವಾರಕ್ಕೊಮ್ಮೆ ಉಪ್ಪಿಟ್ಟು ಎಂದರೆ ತಿಂಗಳಿಗೆ ಒಂದು ಕೆಜಿಯ ಸ್ವಲ್ಪ ಮೇಲೆ. ಅಪರೂಪಕ್ಕೆ ಒಮ್ಮೆ ಕೇಸರಿಬಾತ್ ಸೇರಿಸಿದರೂ ಒಂದೂವರೆ ಕೆಜಿ ಸಾಕು. ಈ ಮನೆಗೆ ಐದು ಕೆಜಿ ರವೆ ಮೂರು ತಿಂಗಳಿಗಿಂತ ಹೆಚ್ಚು ಬರುತ್ತದೆ. ಹುರಿಯದ ರವೆ ಮಳೆಗಾಲದಲ್ಲಿ ಅಷ್ಟು ದಿನ ಬಾಳುವುದು ಕಷ್ಟ. ಮಕ್ಕಳು ಉಪ್ಪಿಟ್ಟು ಎಂದರೆ ಮುಖ ಸಿಂಡರಿಸುವ ಮನೆಯಾದರಂತೂ ಹೇಳುವುದೇ ಬೇಡ.

ಇಡ್ಲಿ ದೋಸೆಗೆ ವಾರಕ್ಕೊಮ್ಮೆ ಹಿಟ್ಟು ರುಬ್ಬುತ್ತೀರಿ ಎಂದುಕೊಳ್ಳಿ. ಕಾಲು ಕೆಜಿ ಉದ್ದಿನಬೇಳೆಗೆ ಮುಕ್ಕಾಲು ಕೆಜಿ ಅಕ್ಕಿ ಹಾಕಿದರೆ ನಾಲ್ಕು ಜನಕ್ಕೆ ಎರಡು ದಿನದ ತಿಂಡಿ ಆಗುತ್ತದೆ. ತಿಂಗಳಿಗೆ ಉದ್ದು ಒಂದು ಕೆಜಿಯ ಆಸುಪಾಸು, ಅಕ್ಕಿ ಮೂರು ಕೆಜಿ. ಸಾರು, ಹುಳಿಗೆ ದಿನಕ್ಕೆ 150 ಗ್ರಾಂ ತೊಗರಿಬೇಳೆ, ವಾರಕ್ಕೆ ಐದು ದಿನ ಎಂದರೆ ತಿಂಗಳಿಗೆ ಮೂರು ಕಾಲು ಕೆಜಿ. ಉಳಿದ ಎರಡು ದಿನ ಹೆಸರುಕಾಳು, ಅಲಸಂದೆ, ಮಜ್ಜಿಗೆ ಹುಳಿ. ನಿಮ್ಮ ಮನೆಯ ಅಳತೆ ಬೇರೆ ಇರುತ್ತದೆ. ಅದನ್ನು ತಿಳಿಯಲು ಪ್ಯಾಕೆಟ್ ಒಡೆದ ದಿನ ಅದರ ಮೇಲೆ ಪೆನ್ನಿನಲ್ಲಿ ತಾರೀಖು ಬರೆಯಿರಿ, ಮುಗಿದ ದಿನ ನೋಡಿ. ಎರಡು ತಿಂಗಳು ಹೀಗೆ ಮಾಡಿದರೆ ನಿಮ್ಮದೇ ಲೆಕ್ಕ ಸಿಗುತ್ತದೆ, ಬೇರೆಯವರ ಪಟ್ಟಿ ಬೇಕಾಗುವುದಿಲ್ಲ.

ಚೀಟಿ ಬರೆಯುವ ಮುಂಚೆ ಡಬ್ಬಗಳನ್ನು ಒಮ್ಮೆ ತೆರೆದು ನೋಡಿ, ಇರುವುದನ್ನು ಕಳೆಯಿರಿ. ನಮ್ಮ ಮನೆಯಲ್ಲಿ ಹೀಗೆ ಮೊದಲ ಸಲ ನೋಡಿದಾಗ ಮೂರು ಕಡೆ ಮೂರು ಕಡಲೆಬೇಳೆ ಪೊಟ್ಟಣ ಸಿಕ್ಕಿದವು. ಯುಗಾದಿ ಹೋಳಿಗೆಗೆಂದು ತಂದದ್ದು ಒಂದು, ಅದು ಕಾಣದೆ ಮತ್ತೆ ತಂದದ್ದು ಎರಡು.

ಹಾಗಾದರೆ ಮೂಟೆ ತರಲೇಬಾರದೇ?

ತರಬಹುದು, ವಸ್ತು ನೋಡಿ. ಅನ್ನಕ್ಕೆ ತಿಂಗಳಿಗೆ 12 ಕೆಜಿ ಅಕ್ಕಿ ಬೇಯಿಸುವ ಮನೆಯಲ್ಲಿ 25 ಕೆಜಿ ಮೂಟೆ ಎರಡು ತಿಂಗಳಲ್ಲಿ ಮುಗಿಯುತ್ತದೆ. ಹುಳು ಹೆಚ್ಚುವ ಹೊತ್ತಿಗೆ ಅಕ್ಕಿಯೇ ಖಾಲಿ. ಕೆಜಿಗೆ ನಾಲ್ಕು ರೂಪಾಯಿ ಕಡಿಮೆ ಸಿಕ್ಕರೆ ಮೂಟೆಗೆ 100 ರೂಪಾಯಿ ನಿಜವಾದ ಉಳಿತಾಯ. ಅದೇ ಮೂಟೆಯನ್ನು ತಿಂಗಳಿಗೆ ಐದು ಕೆಜಿ ಉಣ್ಣುವ ಇಬ್ಬರ ಮನೆಗೆ ತಂದರೆ ಐದು ತಿಂಗಳು ಕಾಯಬೇಕು. ತಿಂಗಳಿಗೆ 20 ರೂಪಾಯಿ ಉಳಿಸಲು ಹುಳುಗಳ ಜೊತೆ ಸಂಸಾರ.

ಉಪ್ಪು, ಸಕ್ಕರೆ, ಬೆಲ್ಲ, ಹುಣಸೆಹಣ್ಣು ತೇವ ತಾಗದಿದ್ದರೆ ತಿಂಗಳುಗಟ್ಟಲೆ ಇರುತ್ತವೆ, ಇವನ್ನು ಹೆಚ್ಚಿಗೆ ತರಬಹುದು. ತೊಗರಿಬೇಳೆಯಂಥ ಒಡೆದ ಬೇಳೆಗೆ ಕಾಳಿನ ಹುಳು ಬೀಳುವುದು ಕಡಿಮೆ. ಹೆಸರುಕಾಳು, ಅಲಸಂದೆಯಂಥ ಇಡೀ ಕಾಳಿಗೆ ಬೇಗ ಬೀಳುತ್ತದೆ, ದುಂಡನೆಯ ತೂತು ಬೀಳುವುದು ಅದರಿಂದಲೇ. ಗಮನಿಸಿ, ಅಜ್ಜಿಯ ಸೂತ್ರ ಇಲ್ಲಿ ತಿರುಗುಮುರುಗು. ಅವರು ತೊಗರಿಗೂ ಕಾಳಿಗೂ ಹರಳೆಣ್ಣೆ ಸವರುತ್ತಿದ್ದದ್ದು ಸುಮ್ಮನೆ ಅಲ್ಲ, ಎಣ್ಣೆಯ ಪದರ ಇದ್ದರೆ ಮೊಟ್ಟೆ ಉಳಿಯುವುದು ಕಷ್ಟ.

ಗೋಧಿ ಹಿಟ್ಟಿನ ವಿಷಯದಲ್ಲಿ ಹುಳುವಿಗಿಂತ ಕಮಟು ವಾಸನೆ ನೋಡಿ. ಗೋಧಿಯ ಮೊಳಕೆ ಭಾಗದಲ್ಲಿ ಎಣ್ಣೆಯಂಶ ಇರುತ್ತದೆ. ಬೀಸಿದಾಗ ಅದು ಗಾಳಿಗೆ ತೆರೆದುಕೊಂಡು ನಿಧಾನಕ್ಕೆ ಕೆಡುತ್ತದೆ. ಚಪಾತಿ ಸ್ವಲ್ಪ ಕಹಿ ಎನಿಸಿದರೆ ಹಿಟ್ಟಿನ ವಯಸ್ಸು ನೋಡಿ. ಒಂದು ತಿಂಗಳಿಗಾಗುವಷ್ಟೇ ತರುವುದು ಒಳ್ಳೆಯದು. ಶೇಂಗಾ, ಒಣಕೊಬ್ಬರಿಯೂ ಹೀಗೆಯೇ.

ನಿಜವಾದ ಸೋರಿಕೆ ತರಕಾರಿ ಬುಟ್ಟಿಯಲ್ಲಿ

ದಿನಸಿಯಲ್ಲಿ ಐದು ಹತ್ತು ರೂಪಾಯಿ ಉಳಿಸಿ, ಸೊಪ್ಪಿನ ಕಟ್ಟನ್ನು ಕೊಳೆಸಿ ಎಸೆಯುವ ಮನೆಗಳೇ ಹೆಚ್ಚು. ಸಂತೆಯಿಂದ ತಂದ ತರಕಾರಿಯನ್ನು ಕೆಡುವ ಕ್ರಮದಲ್ಲಿ ಅಡುಗೆ ಮಾಡಿ. ಭಾನುವಾರ ತಂದರೆ ಭಾನುವಾರ, ಸೋಮವಾರ ಸೊಪ್ಪು. ಮಂಗಳವಾರ, ಬುಧವಾರ ಬೆಂಡೆ, ಬೀನ್ಸ್, ಬದನೆ. ವಾರದ ಕೊನೆಗೆ ಕ್ಯಾರೆಟ್, ಎಲೆಕೋಸು, ಕುಂಬಳ, ಆಲೂಗಡ್ಡೆ. ಸೊಪ್ಪನ್ನು ತೊಳೆದು ಫ್ರಿಜ್ಜಿನಲ್ಲಿಟ್ಟರೆ ಬೇಗ ಕೊಳೆಯುತ್ತದೆ, ಬಟ್ಟೆಯಲ್ಲಿ ಸುತ್ತಿಟ್ಟು ಅಡುಗೆಗೆ ಮುಂಚೆ ತೊಳೆಯಿರಿ.

ತರಕಾರಿ ಹಣವನ್ನು ತಿಂಗಳ ಮೊದಲೇ ಬೇರೆ ಇಡುವುದಾದರೆ ನಾಲ್ಕು ಪಾಲು ಮಾಡಬೇಡಿ, ಐದು ಮಾಡಿ. ನಾಲ್ಕು ವಾರ ಎಂದರೆ 28 ದಿನ ಮಾತ್ರ, ಕೆಲವು ತಿಂಗಳಲ್ಲಿ ಐದು ಭಾನುವಾರ ಬರುತ್ತವೆ. ತರಕಾರಿಗೆ 3,000 ರೂಪಾಯಿ ಇಟ್ಟಿದ್ದರೆ ವಾರಕ್ಕೆ 750 ಅಲ್ಲ, 600. ತಿಂಗಳ ಕೊನೆಗೆ ಕೈ ಖಾಲಿಯಾಗುವುದಕ್ಕೆ ಈ ಎರಡು ಮೂರು ದಿನವೇ ಕಾರಣವಾಗಿರುತ್ತದೆ.

ವಾರದ ಯೋಜನೆಯಲ್ಲಿ ಒಂದು ರಾತ್ರಿಯನ್ನು ಖಾಲಿ ಬಿಡಿ. ಯಾರದೋ ಮನೆಗೆ ಊಟಕ್ಕೆ ಹೋಗುತ್ತೀರಿ, ಅಥವಾ ಉಳಿದದ್ದು ಇರುತ್ತದೆ. ಏಳು ದಿನವೂ ತುಂಬಿಸಿದ ಪಟ್ಟಿ ಮೂರನೇ ದಿನಕ್ಕೇ ಮುರಿಯುತ್ತದೆ.

ಎಸೆಯಬಾರದು ಎಂದು ಏನನ್ನೆಲ್ಲ ತಿನ್ನಬಹುದು?

ಅಕ್ಕಿಗೆ ಒಂದೆರಡು ಹುಳು ಬಿದ್ದಿದ್ದರೆ ಕೇರಿ, ತೊಳೆದು ಬೇಯಿಸಬಹುದು. ರವೆಯಲ್ಲಿ ಜೇಡರ ಬಲೆಯಂಥ ನೂಲು ಕಂಡು ಉಂಡೆ ಕಟ್ಟಿದ್ದರೆ, ಹಿಟ್ಟಿಗೆ ಕೆಟ್ಟ ವಾಸನೆ ಬಂದಿದ್ದರೆ ಎಸೆಯಿರಿ. ಬೂಷ್ಟು ಹಿಡಿದ ಶೇಂಗಾ, ಕಾಳನ್ನು ಮಾತ್ರ ಯಾವ ಕಾರಣಕ್ಕೂ ಉಳಿಸಿಕೊಳ್ಳಬೇಡಿ. ಕೆಲವು ಬೂಷ್ಟು ಬಿಡುವ ಅಫ್ಲಾಟಾಕ್ಸಿನ್ ಎಂಬ ವಿಷ ಯಕೃತ್ತಿಗೆ ಹಾನಿ ಮಾಡುತ್ತದೆ. ಬಿಸಿಲಿಗೆ ಹಾಕಿದರೂ ಹುರಿದರೂ ಅದು ಪೂರ್ತಿ ಹೋಗುವುದಿಲ್ಲ.

ರಾತ್ರಿಯ ಅನ್ನವನ್ನು ಬೆಳಗ್ಗೆ ಚಿತ್ರಾನ್ನ ಮಾಡುವುದು ಒಳ್ಳೆಯ ಉಪಾಯ, ಆದರೆ ಉಳಿದ ಅನ್ನವನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಬೇಸಿಗೆಯಲ್ಲಿ ರಾತ್ರಿಯಿಡೀ ಪಾತ್ರೆಯಲ್ಲೇ ಉಳಿದ ಅನ್ನದಲ್ಲಿ ಬ್ಯಾಕ್ಟೀರಿಯಾ ಬೆಳೆದು ಬಿಡುವ ಒಂದು ವಿಷ ಒಗ್ಗರಣೆಯ ಬಿಸಿಗೆ ನಾಶವಾಗುವುದಿಲ್ಲ. "ಬಿಸಿ ಮಾಡಿದರೆ ಎಲ್ಲ ಸರಿ" ಎನ್ನುವುದು ಇದಕ್ಕೆ ಅನ್ವಯಿಸದು.

ಈಗಾಗಲೇ ಐದು ಕೆಜಿ ರವೆ ತಂದಾಗಿದೆ ಎನ್ನುವವರಿಗೆ: ಹುಳು ಬೀಳುವ ಮುಂಚೆಯೇ ಸಣ್ಣ ಉರಿಯಲ್ಲಿ ಘಮ್ಮೆನ್ನುವವರೆಗೆ ಹುರಿಯಿರಿ. ಮೊಟ್ಟೆಗಳು ಆ ಬಿಸಿಗೆ ಸಾಯುತ್ತವೆ, ತೇವವೂ ಹೋಗುತ್ತದೆ. ಅಗಲವಾದ ತಟ್ಟೆಯಲ್ಲಿ ಹರಡಿ ಪೂರ್ತಿ ಆರಿದ ಮೇಲೆಯೇ ಡಬ್ಬಕ್ಕೆ ಹಾಕಿ. ಬಿಸಿ ಇರುವಾಗಲೇ ಮುಚ್ಚಿದರೆ ಮುಚ್ಚಳದ ಒಳಗೆ ಬೆವರು ಕೂತು ಹುಳುವಿನ ಬದಲು ಬೂಷ್ಟು ಬರುತ್ತದೆ. ಹುರಿಯಲು ಪುರುಸೊತ್ತಿಲ್ಲದಿದ್ದರೆ ಒಂದೊಂದು ಕೆಜಿಯಾಗಿ ಕಟ್ಟಿ ಫ್ರೀಜರಿನಲ್ಲಿ ಒಂದು ವಾರ ಇಟ್ಟು, ಹೊರತೆಗೆದ ಮೇಲೆ ಪೊಟ್ಟಣದ ಹೊರಗಿನ ಪಸೆ ಆರುವ ತನಕ ಕಟ್ಟು ಬಿಚ್ಚಬೇಡಿ.